ಟೀಮ್ ಈಸ್, ಪೊಲೀಸ್ ಆರ್

“ನಮ್ಮ ಶಿರಸಿ ಮೇಷ್ಟ್ರು ‘ಟೀಮ್ ಈಸ್’ ಅಂತಾರೆ. ಲಂಡನ್ ಪತ್ರಿಕೆಯಲ್ಲಿ ‘ಟೀಮ್ ಆರ್’ ಅಂತಿದೆ. ಯಾವುದು ಸರಿ?”

ಎರಡೂ ಸರಿ. ಅಮೆರಿಕದವರು ಸಾಮಾನ್ಯವಾಗಿ ಪದದ ರೂಪ ನೋಡುತ್ತಾರೆ. ಟೀಮ್ ಏಕವಚನ, ಅದಕ್ಕೇ ‘ಈಸ್’. ಬ್ರಿಟಿಷರು ಅರ್ಥವನ್ನೂ ನೋಡುತ್ತಾರೆ. ಆಟಗಾರರು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರೆ ‘ಟೀಮ್ ಆರ್’, ತಂಡ ಚಿಕ್ಕದು ಅನ್ನಲು ‘ಟೀಮ್ ಈಸ್’. ಸ್ಟಾಫ್ ಕೂಡ ಹೀಗೇ.

ಪೊಲೀಸ್ ಮಾತ್ರ ಬೇರೆ. ಅದು ಎರಡೂ ಕಡೆ ಬಹುವಚನವೇ. ‘ಕಾರವಾರ ಪೊಲೀಸ್ ಹ್ಯಾಸ್ ಅರೆಸ್ಟೆಡ್’ ಅಂತ ನಮ್ಮಲ್ಲಿ ಬರೆಯುವವರಿದ್ದಾರೆ. ಅಲ್ಲಿ ‘ಹ್ಯಾವ್’ ಬೇಕು. ‘ಎ ಟೀಮ್’ ಅನ್ನಬಹುದು, ಆದರೆ ‘ಎ ಪೊಲೀಸ್’ ಅನ್ನೋಕಾಗಲ್ಲ ಅಲ್ವಾ? ಇದರಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ. ಏಕವಚನವೇ ಬೇಕಿದ್ದರೆ ‘ಪೊಲೀಸ್ ಆಫೀಸರ್’ ಅಥವಾ ‘ಪೊಲೀಸ್ ಫೋರ್ಸ್’ ಅಂತ ಬರೆದು ‘ಹ್ಯಾಸ್’ ಹಾಕಿ.