ಅದು ಅಂದ್ರೆ ಯಾವುದು?

ನಮ್ಮ ಮನೆಯಲ್ಲಿ ಸಾಮಾನುಗಳಿಗೆ ಹೆಸರಿಲ್ಲ. ಇರೋದು ಎರಡೇ: ಅದು, ಇದು. ಗ್ಯಾಸ್ ಸಿಲಿಂಡರ್ ಅದು. ಕರೆಂಟ್ ಬಿಲ್ಲೂ ಅದು. ಮೂಲೆಮನೆಯವರ ಮಗಳಿಗೆ ಬಂದಿದ್ದ ಸಂಬಂಧವೂ ಅದೇ. "ಅದು ಏನಾಯ್ತು?" ಅಂತ ಅಮ್ಮ ಕೇಳಿದರೆ ಅಪ್ಪ "ನಾಳೆ ಬರುತ್ತಂತೆ" ಅಂತಾರೆ. ಬರುವುದು ಸಿಲಿಂಡರೋ, ಗಂಡಿನ ಕಡೆಯವರೋ, ಬಾಗಿಲು ತೆಗೆದ ಮೇಲೇ ಗೊತ್ತಾಗಬೇಕು.

ಸ್ಕೂಲಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದು ಬೇರೆ. ನಾಮಪದದ ಬದಲಿಗೆ ಬರುವುದು ಸರ್ವನಾಮ. "ರಾಮನು ಬಂದನು. ಅವನು ಊಟ ಮಾಡಿದನು." ಅಂದರೆ ಮೊದಲು ರಾಮ ಬರಬೇಕು, ಆಮೇಲೆ ಅವನು. ನಮ್ಮ ಮನೆಗೆ ರಾಮ ಬರುವುದೇ ಇಲ್ಲ. ಸೀದಾ ಅವನು ಬರುತ್ತಾನೆ, ಊಟ ಮಾಡುತ್ತಾನೆ, ಹೋಗುತ್ತಾನೆ. ಬಂದಿದ್ದು ಯಾರು ಅಂತ ಕೇಳಿದರೆ "ಅದೇ, ಅವನು" ಅನ್ನುತ್ತಾರೆ.

ಕನ್ನಡದಲ್ಲಿ ಇನ್ನೊಂದು ಅನುಕೂಲ ಬೇರೆ ಇದೆ. ಆ 'ಅದು'ವನ್ನೂ ಬಿಟ್ಟುಬಿಡಬಹುದು.

"ತಂದ್ರಾ?"
"ಅಲ್ಲೇ ಇಟ್ಟಿದೀನಿ."
"ಸಾಕಾಗುತ್ತಾ?"
"ಆಗುತ್ತೆ."

ವ್ಯಾಕರಣದ ಪ್ರಕಾರ ಒಂದು ತಪ್ಪಿಲ್ಲ. ಯಾರು, ಏನು, ಯಾತಕ್ಕೆ, ಒಂದೂ ಇಲ್ಲ. ಮಾತು ಮಾತ್ರ ಮುಗಿದಿದೆ.

ಬಹಳ ಸಲ ಇದರಿಂದ ತೊಂದರೆ ಏನೂ ಆಗುವುದಿಲ್ಲ. ಇಬ್ಬರ ತಲೆಯಲ್ಲೂ ಒಂದೇ ಸಾಮಾನು ಓಡುತ್ತಿದ್ದರೆ 'ಅದು' ಅಂದರೆ ಸಾಕು. ಎಡವಟ್ಟಾಗುವುದು ಒಬ್ಬರ ತಲೆಯಲ್ಲಿ ಮಾತ್ರ ಓಡುತ್ತಿದ್ದಾಗ. ಬಸ್ಸಿನಲ್ಲಿ ಕೂತು ಒಂದು ಗಂಟೆಯಿಂದ ಬೆಣ್ಣೆಯ ಬಗ್ಗೆಯೇ ಯೋಚನೆ ಮಾಡುತ್ತಿರುವವರಿಗೆ, ಲೋಕದಲ್ಲಿ ಬೆಣ್ಣೆ ಬಿಟ್ಟು ಇನ್ನೇನೂ 'ಅದು' ಆಗುವುದಕ್ಕೆ ಸಾಧ್ಯವೇ ಇಲ್ಲ. ಫೋನಿನ ಆ ಕಡೆ ಇರುವವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದಾರೆ ಅನ್ನುವುದು ನೆನಪಿಗೇ ಬರುವುದಿಲ್ಲ.

ಬೆಣ್ಣೆ ಅಂದಿದ್ದು ಸುಮ್ನೆ ಅಲ್ಲ. ಏಪ್ರಿಲ್ ತಿಂಗಳು. ಅಮ್ಮ ಚಿಕ್ಕಮ್ಮನ ಸೊಸೆಯ ಸೀಮಂತಕ್ಕೆ ಹೊರಟಿದ್ದರು, ಬೆಳಗ್ಗೆ ಬೇಗ ವಾಪಸ್ ಬರುವವರು. ಕೆನೆ ಕೂಡಿಟ್ಟು ಕಡೆದ ಬೆಣ್ಣೆ ಫ್ರಿಜ್ಜಿನಲ್ಲಿತ್ತು. ಬಂದ ತಕ್ಷಣ ತುಪ್ಪ ಕಾಯಿಸಬೇಕು. ರಾತ್ರಿಯೇ ಹೊರಗಿಟ್ಟಿದ್ದರೆ ಡಬ್ಬಿಯಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ದಾರಿಯಲ್ಲಿ ನೆನಪಾಗಿ ಫೋನ್ ಮಾಡಿದರು.

"ರೀ, ಅದನ್ನ ಹೊರಗೆ ತೆಗೆದಿಡಿ, ಬೆಳಗ್ಗೆಗೆ ಬೇಕು."
"ಆಂ?"
"ಅದನ್ನ ಹೊರಗೆ ತೆಗೆದಿಡಿ ಅಂದೆ!"
"ಯಾವುದನ್ನ?"
"ಅದೇ ಕಣ್ರೀ, ಫ್ರಿಜ್ಜಲ್ಲಿ ಡಬ್ಬೀಲಿರೋದು."
"ಸ್ಟೀಲ್ ಡಬ್ಬೀನಾ?"
"ಹೂಂ, ಹೂಂ. ಫೋನ್ ಇಡ್ತೀನಿ, ಬಸ್ ನಿಲ್ತು."

ಫ್ರಿಜ್ಜಿನಲ್ಲಿ ಸ್ಟೀಲ್ ಡಬ್ಬಿ ಎರಡಿದ್ದವು. ಮುಂದೆ ಕಂಡದ್ದು ದೋಸೆ ಹಿಟ್ಟಿನದು. ಬೆಳಗ್ಗೆಗೆ ಬೇಕು ಅಂದರೆ ದೋಸೆಯೇ ಅಲ್ವಾ? ಅಪ್ಪನ ಲೆಕ್ಕಾಚಾರದಲ್ಲಿ ಲೋಪವೇನೂ ಇರಲಿಲ್ಲ. ಆಗಲೇ ಹುಳಿ ಬಂದು ಮುಕ್ಕಾಲು ಡಬ್ಬಿ ತುಂಬಿದ್ದ ಹಿಟ್ಟು, ಬೇಸಿಗೆಯ ರಾತ್ರಿ, ಒಲೆ ಪಕ್ಕದ ಕಟ್ಟೆ. ಫ್ರಿಜ್ಜಿನ ತಂಪಿಗೆ ಸುಮ್ಮನಿದ್ದದ್ದು ಸೆಕೆಗೆ ಎದ್ದು ಕೂತಿತು. ಬೆಳಗ್ಗೆ ನೋಡಿದರೆ ಮುಚ್ಚಳ ಒಂದು ಕಡೆ ವಾಲಿಕೊಂಡಿದೆ. ಹಿಟ್ಟು ಕಟ್ಟೆ ಇಳಿದು, ಸಿಲಿಂಡರಿನ ಪೈಪ್ ಹಿಡಿದು ಕೆಳಗೆ ಬಂದಿದೆ, ಇರುವೆಗಳೂ ಬಂದಿವೆ. ಬೆಣ್ಣೆ ಫ್ರಿಜ್ಜಿನಲ್ಲಿ ಕಲ್ಲಿನ ಹಾಗೆ ಕೂತಿದೆ.

"ಹಿಟ್ಟನ್ನ ಯಾಕೆ ತೆಗೆದ್ರಿ?"
"ನೀನೇ ಹೇಳಿದ್ದಲ್ವಾ, ಸ್ಟೀಲ್ ಡಬ್ಬಿ ಅಂತ?"
"ನಾನೆಲ್ಲಿ ಹೇಳಿದೆ? ಕೇಳಿದ್ದು ನೀವು!"

ಇಬ್ಬರೂ ಹೇಳಿದ್ದು ನಿಜ. ಹಾಗಾಗಿ ಜಗಳ ಮಧ್ಯಾಹ್ನದ ಊಟದವರೆಗೂ ನಡೆಯಿತು.

ಅಪ್ಪ ಕೇಳಿದ ಮೂರು ಪ್ರಶ್ನೆಗಳನ್ನು ಒಂದು ಸಲ ಬಿಡಿಸಿ ನೋಡಿ. ಮಾತು ಅರ್ಥವಾಗದಿದ್ದಾಗ ಜನ ಹೇಗೆ ಕೇಳುತ್ತಾರೆ ಅನ್ನುವುದನ್ನೇ ಕೂತು ಅಧ್ಯಯನ ಮಾಡಿದವರಿದ್ದಾರೆ. ಷೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ ಅನ್ನುವ ಮೂವರು ಅಮೆರಿಕದವರು 1977ರಲ್ಲಿ ಇದರ ಮೇಲೆ ದೊಡ್ಡ ಲೇಖನವನ್ನೇ ಬರೆದರು. ಆಮೇಲೆ ಮಾರ್ಕ್ ಡಿಂಗೆಮಾನ್ಸೆ ಮತ್ತು ಅವರ ಜೊತೆಯವರು 2015ರಲ್ಲಿ 12 ಭಾಷೆಗಳ ಮನೆಮಾತನ್ನು ರೆಕಾರ್ಡ್ ಮಾಡಿ ನೋಡಿದರು. ಸರಾಸರಿ ಒಂದೂವರೆ ನಿಮಿಷ ಆಗುವುದರೊಳಗೆ ಯಾರಾದರೂ ಒಬ್ಬರು "ಆಂ? ಏನು? ಯಾರು?" ಅಂದೇ ಅನ್ನುತ್ತಾರಂತೆ. ಓದಿದಾಗ ಸಮಾಧಾನವಾಯಿತು. ಇದು ನಮ್ಮ ಮನೆತನದ ಕಾಯಿಲೆಯೇನಲ್ಲ.

ಅವರ ಪ್ರಕಾರ ಕೇಳುವುದರಲ್ಲಿ ಮೂರು ಬಗೆ. ಅಪ್ಪ ಮೂರನ್ನೂ ಒಂದೇ ಫೋನಿನಲ್ಲಿ ಮುಗಿಸಿದ್ದರು.

ಮೊದಲನೆಯದು "ಆಂ?". ಇದು ಎಲ್ಲದಕ್ಕೂ ಆಗುತ್ತದೆ, ಹಾಗಾಗಿ ಯಾವುದಕ್ಕೂ ಆಗುವುದಿಲ್ಲ. ಕೇಳಿಸಲಿಲ್ಲವೋ, ತಿಳಿಯಲಿಲ್ಲವೋ, ನಂಬಲಿಲ್ಲವೋ ಅಂತ ಎದುರಿನವರಿಗೆ ಗೊತ್ತಾಗುವುದಿಲ್ಲ. ಅವರು ಕೇಳಿಸಲಿಲ್ಲ ಅಂತಲೇ ಅಂದುಕೊಂಡು ಅದೇ ಮಾತನ್ನು ಗಟ್ಟಿಯಾಗಿ ಹೇಳುತ್ತಾರೆ. ಗಟ್ಟಿಯಾಗಿ ಹೇಳಿದ 'ಅದು' ಕೂಡ ಅದೇ ಆಗಿರುತ್ತದೆ. "ಏನು?" ಅಂದರೂ ಇದೇ ಕಥೆ.

ಎರಡನೆಯದು "ಯಾವುದನ್ನ?". ಇದು ಎಷ್ಟೋ ವಾಸಿ. ಉಳಿದದ್ದೆಲ್ಲ ಕೇಳಿಸಿತು, ಆ ಒಂದು ಪದ ಮಾತ್ರ ಖಾಲಿ ಇದೆ ಅಂತ ಬೆರಳಿಟ್ಟು ತೋರಿಸಿದ ಹಾಗೆ. ಅದನ್ನು ಇನ್ನೂ ಚೆನ್ನಾಗಿ ಕೇಳಬಹುದು: "ಏನನ್ನ ಹೊರಗಿಡಬೇಕು?" ಅವರ ಮಾತನ್ನೇ ತಿರುಗಿ ಹೇಳಿ, ಗೊತ್ತಿಲ್ಲದ ಜಾಗದಲ್ಲಿ ಮಾತ್ರ ಪ್ರಶ್ನೆ ಇಡುವುದು. ಆಗ ಗಟ್ಟಿಯಾಗಿ ಕೂಗುವುದಕ್ಕೆ ಅವರಿಗೆ ಕಾರಣವೇ ಉಳಿಯುವುದಿಲ್ಲ.

ಮೂರನೆಯದು ಊಹೆ ಮಾಡಿ ಮುಂದಿಡುವುದು. "ಸ್ಟೀಲ್ ಡಬ್ಬೀನಾ?" ಕೇಳುವ ಬಗೆಗಳಲ್ಲೆಲ್ಲ ಇದೇ ಬಲವಾದದ್ದು, ಯಾಕೆಂದರೆ ಎದುರಿನವರು ಹೂಂ ಅಥವಾ ಊಹೂಂ ಅಂದರೆ ಆಯಿತು. ಆದರೆ ಅಪ್ಪನ ಊಹೆ ಎರಡು ಡಬ್ಬಿಗೂ ಹೊಂದುತ್ತಿತ್ತು. ಎರಡಕ್ಕೂ ಹೊಂದುವ ಊಹೆಗೆ 'ಹೂಂ' ಸಿಕ್ಕರೆ ಸಿಕ್ಕಿದ್ದು ಸೊನ್ನೆ. ಅದೂ ಅಪಾಯದ ಸೊನ್ನೆ, ಯಾಕೆಂದರೆ ಗೊತ್ತಾಯಿತು ಅನ್ನುವ ಧೈರ್ಯ ಜೊತೆಗೆ ಬಂದಿರುತ್ತದೆ. "ಹಿಟ್ಟಾ?" ಅಂದಿದ್ದರೆ ಮುಗಿದುಹೋಗುತ್ತಿತ್ತು. ಊಹೆ ತಪ್ಪೇ, ಇರಲಿ. ತಪ್ಪು ಊಹೆಗೆ ಅಮ್ಮ ಬರೀ ಊಹೂಂ ಅನ್ನುವವರಲ್ಲ. "ಅಯ್ಯೋ, ಬೆಣ್ಣೆ ಕಣ್ರೀ!" ಅನ್ನುತ್ತಿದ್ದರು. ಹೆಸರು ತಾನಾಗೇ ಬಾಯಿಂದ ಬೀಳುತ್ತಿತ್ತು. ನಯವಾಗಿ ಹತ್ತು ಸಲ ಕೇಳಿದರೂ ಬಾರದ ಹೆಸರು, ಒಂದು ತಪ್ಪು ಹೆಸರು ಕೇಳಿದರೆ ಓಡಿ ಬರುತ್ತದೆ.

ಊಹೆ ಮಾಡುವುದಕ್ಕೆ ಸುಳಿವೂ ಬೇಕಲ್ಲ. ಅದು ಆ ಮಾತಿನಲ್ಲೇ ಇರುತ್ತದೆ. 'ಅದು' ಬಾಯಿ ಬಿಡದಿದ್ದರೂ ಅದರ ಬಾಲ ಮಾತಾಡುತ್ತದೆ. 'ಅದಕ್ಕೆ ಹಾಕು' ಅಂದರೆ ಬಾಯಿರುವ ಪಾತ್ರೆಯೋ ಕುದಿಯುತ್ತಿರುವ ಸಾರೋ ಇರಬೇಕು. 'ಅದರಿಂದ ತೆಗಿ' ಅಂದರೆ ಒಳಗೊಂದು ಸಾಮಾನಿದೆ. ಇನ್ನು ಕ್ರಿಯಾಪದವಂತೂ ಅರ್ಧ ಗುಟ್ಟು ಹೇಳಿಬಿಡುತ್ತದೆ. 'ಇಳಿಸು' ಅಂದರೆ ಒಲೆ ಕಡೆ ಓಡಬೇಕು. 'ನೆನೆಹಾಕು' ಅಂದರೆ ಕಾಳೋ ಬಟ್ಟೆಯೋ, ಹೇಳಿದವರು ನಿಂತಿರೋದು ಅಡುಗೆಮನೆಯಲ್ಲೋ ಬಚ್ಚಲಲ್ಲೋ ಅಂತ ನೋಡಿದರೆ ಸಾಕು. ಕೈಲಾಗದೇ ಇರೋದು 'ಮಾಡು'. "ಅದು ಮಾಡಿದ್ಯಾ?" ಅನ್ನುವ ಪ್ರಶ್ನೆಯಲ್ಲಿ ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ. ಆಫೀಸಿನಲ್ಲಿ ಎಲ್ಲರೂ ಕೇಳುವುದು ಇದೊಂದನ್ನೇ.

ಗಂಡಸೋ ಹೆಂಗಸೋ ಅನ್ನುವ ಸುಳಿವನ್ನು ಅವನು, ಅವಳು ಕೊಡುತ್ತವೆ. ಸ್ವಲ್ಪ ಮರ್ಯಾದೆ ಕೊಟ್ಟು 'ಅವರು' ಅಂದರೆ ಅದೂ ಹೋಯಿತು. ಇದಕ್ಕೊಂದು ದೊಡ್ಡ ಅಪವಾದ ಇದೆ: ಹಳೆ ಕಾಲದ ಹೆಂಗಸರು ಹೇಳುವ 'ಇವರು'. ಪಕ್ಕದ ಮನೆ ಆಂಟಿ "ಇವರಿಗೆ ಎರಡು ದಿನದಿಂದ ಕೆಮ್ಮು" ಅಂದಾಗ 'ಇವರು' ಸುತ್ತಮುತ್ತ ಎಲ್ಲೂ ಇರುವುದಿಲ್ಲ, ಮಾತಿನಲ್ಲಿ ಮೊದಲು ಬಂದೂ ಇರುವುದಿಲ್ಲ. ಆದರೂ ಯಾರೂ "ಯಾರಿಗೆ?" ಅನ್ನುವುದಿಲ್ಲ. ಗಂಡನ ಹೆಸರು ಹೇಳಬಾರದು ಅನ್ನುವ ಪದ್ಧತಿಯಿಂದ 'ಇವರು'ಗೆ ಕಾಯಂ ವಿಳಾಸ ಸಿಕ್ಕಿಬಿಟ್ಟಿದೆ.

ಕೆಲವು ಸಲ ಹೆಸರು ಹೇಳುವವರಿಗೇ ಸಿಕ್ಕಿರುವುದಿಲ್ಲ. ಅಜ್ಜಿ "ಅದು... ಅದೇ... ಅದೇನದು..." ಅಂತ ಗಾಳಿಯಲ್ಲಿ ಕೈಯಾಡಿಸುತ್ತಿದ್ದಾಗ "ಯಾವುದು?" ಅಂತ ಕೇಳುವುದು ಹಿಂಸೆ. ಅದು ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ? ಅಲ್ಲಿ ಕೇಳಬೇಕಾದ್ದು "ಅದರಲ್ಲಿ ಏನು ಮಾಡ್ತೀರಿ ಅಜ್ಜಿ?" "ಹೂವು ಕತ್ತರಿಸೋದು" ಅಂದರು, ಕತ್ತರಿ ಬಂತು. ಹೆಸರು ಮರೆತರೂ ಉಪಯೋಗ ಮರೆತಿರುವುದಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಈ ಕೈಯಾಡಿಸುವ ಸುಳಿವೂ ಇಲ್ಲ. "ಅದು ಇನ್ನೂ ಸರಿ ಆಗಿಲ್ಲ" ಅಂತ ಒಬ್ಬರು ಹಾಕುತ್ತಾರೆ. ಮೊದಲನೇ ಮಹಡಿಯವರು ನೀರಿನ ಮೋಟರ್ ಅಂದುಕೊಂಡು "ಹೌದು" ಅಂತಾರೆ, ನಾಲ್ಕನೇ ಮಹಡಿಯವರು ಲಿಫ್ಟ್ ಅಂದುಕೊಂಡು "ನಾಚಿಕೆಗೇಡು" ಅಂತಾರೆ. ಎಲ್ಲರೂ ಒಪ್ಪಿದ ಮೇಲೆ ರಿಪೇರಿಯವನು ಬಂದು ಗೇಟಿನ ಲೈಟ್ ಸರಿಮಾಡಿ ಹೋಗುತ್ತಾನೆ. ಹಳೆಯ ಮೆಸೇಜನ್ನೇ ಬಲಕ್ಕೆ ಎಳೆದು ಅದಕ್ಕೆ ಉತ್ತರ ಬರೆಯುವ ಸೌಲಭ್ಯ ಇದೆ. ಎಳೆದರೆ ಯಾವ 'ಅದು' ಅಂತ ಮೇಲೆ ಕಾಣುತ್ತದೆ. ನಮ್ಮ ಗ್ರೂಪಿನಲ್ಲಿ ಅದನ್ನು ಬಳಸುವುದು ಹಬ್ಬದ ಶುಭಾಶಯಕ್ಕೆ ಕೈಮುಗಿಯುವಾಗ ಮಾತ್ರ.

ಇಷ್ಟೆಲ್ಲ ಕಲಿತರೂ ಕೇಳಬಾರದ 'ಇದು' ಒಂದಿದೆ. ಅದಕ್ಕೆ ಹೆಸರು ಇದ್ದೇ ಇರುತ್ತದೆ, ಬೇಕೆಂದೇ ಹೇಳಿರುವುದಿಲ್ಲ. ಮದುವೆ ಮನೆಯ ಎರಡನೇ ಪಂಕ್ತಿಗೆ ಕಾಯುತ್ತ ನಮ್ಮ ಸೋದರತ್ತೆ ಮತ್ತು ಅವರ ಓರಗಿತ್ತಿ ಮಾತಾಡುತ್ತಿದ್ದರು.

"ಅವರ ಮನೇಲಿ ಅದು ಹಾಗೇ ಆಯ್ತಂತೆ."
"ಅಯ್ಯೋ! ಇದು ಗೊತ್ತಿದ್ದೂನಾ?"
"ಗೊತ್ತಿದ್ದೇ. ಅವಳು ಸ್ವಲ್ಪ ಇದು ಅಲ್ವಾ."
"ಅವನೂ ಏನು ಕಮ್ಮಿ ಇದಲ್ಲ ಬಿಡು."

ಪಕ್ಕದಲ್ಲಿ ಕೂತ ನನಗೆ ತಡೆಯಲಾಗಲಿಲ್ಲ. ಕಲಿತ ವಿದ್ಯೆ ತೆಗೆದೆ. ಹೆಸರಿಟ್ಟು, ಊಹೆ ಮಾಡಿ, ಮೆತ್ತಗೆ ಕೇಳಿದೆ: "ಅತ್ತೆ, ಸೈಟಿನ ವಿಷಯಾನಾ?"

ಇಬ್ಬರೂ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

"ಸೈಟಾ? ಯಾವ ಸೈಟು? ಅವರು ಸೈಟ್ ಬೇರೆ ತಗೊಂಡಿದಾರಾ?" ಅಂದರು ಅತ್ತೆ, ಕುರ್ಚಿ ಹತ್ತಿರ ಎಳೆದುಕೊಂಡು.