ಕೊಡುವಾಗ ಬೇಸಿಕ್, ಕಿತ್ತುಕೊಳ್ಳುವಾಗ ಗ್ರಾಸ್: ಇದ್ಯಾವ ಲೆಕ್ಕ?

ಪುಣೆಯಲ್ಲಿ ಇಷ್ಟು ವರ್ಷ ದುಡಿದ ಕಂಪನಿಗೆ ರಾಜೀನಾಮೆ ಕೊಟ್ಟು ಬಂದಿದ್ದೇನೆ. ಮೊನ್ನೆ ಫುಲ್ ಅಂಡ್ ಫೈನಲ್ ಲೆಕ್ಕದ ಹಾಳೆ ಮೇಲ್‌ನಲ್ಲಿ ಬಂತು. ನೋಡಿ ಮೈಯೆಲ್ಲ ಉರಿದುಹೋಯಿತು. ನಾನು ಹಾಕದೆ ಉಳಿಸಿದ್ದ 40 ದಿನದ ಅರ್ನ್ಡ್ ಲೀವ್‌ಗೆ ಅವರು ಕೊಟ್ಟಿದ್ದು 24,000 ರೂಪಾಯಿ. ಅದರ ಕೆಳಗಿನ ಸಾಲಿನಲ್ಲೇ, ನೋಟಿಸ್ ಪೀರಿಯಡ್‌ನಲ್ಲಿ 10 ದಿನ ಕಡಿಮೆ ಬಿತ್ತು ಅಂತ ಮುರಿದುಕೊಂಡಿದ್ದು 20,000 ರೂಪಾಯಿ. ಅಂದರೆ ನನ್ನ 40 ದಿನ ಅವರ 10 ದಿನಕ್ಕೆ ಹೆಚ್ಚುಕಡಿಮೆ ಸಮ. ಕೈಗೆ ಬರುವುದು ಬರೀ 4,000!

ಇದು ಹೇಗಾಯಿತು ಅಂತ ಹೇಳುತ್ತೇನೆ, ಕೇಳಿ. ನನ್ನ ತಿಂಗಳ ಗ್ರಾಸ್ ಸಂಬಳ 60,000. ಅದರಲ್ಲಿ ಬೇಸಿಕ್ ಅಂತ ತೋರಿಸಿರುವುದು 18,000 ಮಾತ್ರ. ಮನೆ ಬಾಡಿಗೆ ಭತ್ಯೆ 9,000. ಮಿಕ್ಕ 33,000 ಪೂರ್ತಿ ‘ಸ್ಪೆಷಲ್ ಅಲೊವೆನ್ಸ್’. ರಜೆಯ ದುಡ್ಡು ಕೊಡುವಾಗ ಬೇಸಿಕ್ಕನ್ನು 30ರಿಂದ ಭಾಗಿಸಿದರು. ದಿನಕ್ಕೆ 600 ಬಂತು. ನೋಟಿಸ್ ಕಡಿತಕ್ಕೆ ಗ್ರಾಸ್ ತೆಗೆದುಕೊಂಡು 30ರಿಂದ ಭಾಗಿಸಿದರು. ಅಲ್ಲಿ ದಿನಕ್ಕೆ 2,000 ಆಯಿತು. ಒಬ್ಬನೇ ಮನುಷ್ಯ, ಒಂದೇ ಕುರ್ಚಿ, ಒಂದೇ ಕೆಲಸ. ಒಂದೇ ಹಾಳೆಯಲ್ಲಿ ಎರಡು ಬೆಲೆ!

ಹಿಂದೆ ಮಗಳಿಗೆ ಹುಷಾರಿಲ್ಲ ಅಂತ ಒಂದು ದಿನ ಮನೆಯಲ್ಲಿದ್ದೆ. ಮೊದಲೇ ಹೇಳಿರಲಿಲ್ಲ ಅಂತ ರಜೆ ಒಪ್ಪದೆ ಲಾಸ್ ಆಫ್ ಪೇ ಹಾಕಿದರು. ಆ ತಿಂಗಳ ಪೇ ಸ್ಲಿಪ್ ಈಗ ತೆಗೆದು ನೋಡಿದೆ. ಅವತ್ತು ಮುರಿದಿದ್ದೂ 2,000 ರೂಪಾಯಿಯೇ. ನಾನು ಬರದಿದ್ದ ದಿನಕ್ಕೆ 2,000 ಬೆಲೆ ಇದ್ದರೆ, ರಜೆ ಇದ್ದೂ ಬಂದು ದುಡಿದ ದಿನಕ್ಕೆ 600 ಯಾಕೆ? ಗ್ರಾಸ್ ಮೇಲೆ ಲೆಕ್ಕ ಹಾಕಿದ್ದರೆ 40 ದಿನಕ್ಕೆ 80,000 ಬರಬೇಕಿತ್ತು. 56,000 ರೂಪಾಯಿ ಹಾಗೇ ನುಂಗಿಬಿಟ್ಟರು. ಸರಿ, ಆ 10 ದಿನವನ್ನು ನನ್ನ ರಜೆಯಲ್ಲೇ ಹೊಂದಿಸಿಕೊಳ್ಳಿ, ದಿನಕ್ಕೆ ದಿನ ಸರಿಹೋಗುತ್ತದೆ ಅಂತ ಕೇಳಿದೆ. ಅದಕ್ಕೂ ಪಾಲಿಸಿ ಇಲ್ಲವಂತೆ!

ಎಚ್‌ಆರ್‌ಗೆ ಫೋನ್ ಮಾಡಿದರೆ ಬಂದ ಉತ್ತರ, ‘ಇನ್ಕಮ್ ಟ್ಯಾಕ್ಸ್ ರೂಲೇ ಹಾಗಿದೆ, ಬೇಸಿಕ್ ಮೇಲೇ ಕೊಡಬೇಕು’. ಈ ಮಾತು ಎಷ್ಟು ಜನರ ಬಾಯಿ ಮುಚ್ಚಿಸಿದೆಯೋ ಗೊತ್ತಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟ್ಯಾಕ್ಸ್ ಕಾನೂನು ಕಂಪನಿ ಎಷ್ಟು ಕೊಡಬೇಕು ಅಂತ ಹೇಳುವುದೇ ಇಲ್ಲ. ಸಿಕ್ಕ ದುಡ್ಡಿನಲ್ಲಿ ಎಷ್ಟಕ್ಕೆ ತೆರಿಗೆ ಇಲ್ಲ ಅನ್ನುವುದಷ್ಟೇ ಅದರ ವಿಷಯ. ಖಾಸಗಿ ನೌಕರರು ಕೆಲಸ ಬಿಡುವಾಗ ಬರುವ ರಜೆ ದುಡ್ಡಿಗೆ 25 ಲಕ್ಷದವರೆಗೆ ವಿನಾಯಿತಿ ಇದೆ. ನಿವೃತ್ತಿಗೆ ಮಾತ್ರವಲ್ಲ, ರಾಜೀನಾಮೆಗೂ ಅದು ಸಿಗುತ್ತದೆ. ಆ ವಿನಾಯಿತಿಯ ಲೆಕ್ಕದಲ್ಲಿ ಸಂಬಳ ಅಂದರೆ ಬೇಸಿಕ್ ಮತ್ತು ತುಟ್ಟಿಭತ್ಯೆ, ನಿಜ. ಉಳಿದ ರಜೆಗೆ ಆ ದರದಲ್ಲಿ ಬರುವಷ್ಟಕ್ಕೇ ವಿನಾಯಿತಿ. ನನಗೆ 80,000 ಕೊಟ್ಟಿದ್ದರೆ 24,000ಕ್ಕೆ ತೆರಿಗೆ ಇರುತ್ತಿರಲಿಲ್ಲ, ಮಿಕ್ಕ 56,000ಕ್ಕೆ ಬೀಳುತ್ತಿತ್ತು. ಅಷ್ಟೇ. ತೆರಿಗೆ ನಾನು ಕಟ್ಟಿಕೊಳ್ಳುತ್ತೇನೆ, ನಿಮಗೇನು ಕಷ್ಟ?

ಚಿಂಚವಡದಲ್ಲಿ ನಮ್ಮ ವಿಜಯಪುರ ಕಡೆಯ ಹುಡುಗನೊಬ್ಬ ಪೇರೋಲ್ ನೋಡುತ್ತಾನೆ. ಹಾಳೆ ಅವನಿಗೆ ತೋರಿಸಿದೆ. ‘ಅಣ್ಣಾರ, ಮೊದಲ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತಗೀರಿ. ಬೇಸಿಕ್ ಅಂತ ಬರೆದಾರೋ ಇಲ್ಲೋ ನೋಡ್ರಿ’ ಅಂದ. ಬರೆದಿಲ್ಲ. ‘ಕಂಪನಿ ನಿಯಮದಂತೆ ರಜೆ ನಗದೀಕರಣ’ ಅಂತ ಒಂದು ಸಾಲಿದೆ. ಆ ನಿಯಮ ತೋರಿಸಿ ಅಂದರೆ ಪೋರ್ಟಲ್‌ನಲ್ಲಿದೆ ಅನ್ನುತ್ತಾರೆ. ನನ್ನ ಪೋರ್ಟಲ್ ಲಾಗಿನ್ ಕೊನೆಯ ದಿನ ಸಂಜೆಯೇ ಬಂದ್ ಮಾಡಿದ್ದಾರೆ!

ಅವನು ಹೇಳಿದ್ದರಲ್ಲಿ ಮುಖ್ಯವಾದದ್ದು ಇನ್ನೊಂದಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಕಾರ್ಮಿಕ ಕೆಲಸ ಬಿಟ್ಟರೆ, ಉಳಿದ ರಜೆಗೆ ‘ವೇತನ’ದ ದರದಲ್ಲಿ ದುಡ್ಡು ಕೊಡಬೇಕು. ಅದೂ ಎರಡು ಕೆಲಸದ ದಿನಗಳೊಳಗೆ. ವೇತನದಿಂದ ಹೊರಗಿಡಬಹುದಾದ ಭತ್ಯೆಗಳ ಪಟ್ಟಿಯೂ ಕಾನೂನಿನಲ್ಲಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಅದರಲ್ಲಿವೆ. ಸ್ಪೆಷಲ್ ಅಲೊವೆನ್ಸ್ ಅನ್ನುವ ಹೆಸರು ಅಲ್ಲಿಲ್ಲ. ಹೋಗಲಿ, ಕಂಪನಿ ಹೇಳಿದಂತೆ ಅದನ್ನೂ ಹೊರಗಿಡೋಣ. ಆಗ ಹೊರಗಿಟ್ಟ ಮೊತ್ತ 42,000 ಆಗುತ್ತದೆ. ಆದರೆ ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಹೊರಗಿಡುವಂತಿಲ್ಲ. ಅರ್ಧ ಅಂದರೆ 30,000. ಹೆಚ್ಚಾದ 12,000 ಮತ್ತೆ ವೇತನಕ್ಕೇ ಸೇರಬೇಕು. ಹಾಗಾಗಿ ಅವರದೇ ವಾದ ಒಪ್ಪಿದರೂ ನನ್ನ ವೇತನ 30,000, ದಿನಕ್ಕೆ 1,000, 40 ದಿನಕ್ಕೆ 40,000. 24,000 ಯಾವ ದಾರಿಯಲ್ಲೂ ಬರುವುದಿಲ್ಲ. ದುಡ್ಡು ಕೊಡುವುದು ಯಾವಾಗ ಅಂದರೆ 45 ದಿನ ಕಾಯಿರಿ ಅಂತ ಬೇರೆ ಹೇಳುತ್ತಿದ್ದಾರೆ.

ಇಷ್ಟು ಹೇಳಿದ ಮೇಲೆ ಎಚ್‌ಆರ್ ಇನ್ನೊಂದು ಬಾಗಿಲು ಹಾಕಿತು. ನಾನು ಕಾರ್ಮಿಕನೇ ಅಲ್ಲವಂತೆ. ‘ಅಸಿಸ್ಟೆಂಟ್ ಮ್ಯಾನೇಜರ್’ ಅಂತ ಕಾರ್ಡಿನಲ್ಲಿದೆಯಲ್ಲ, ಅದಕ್ಕೆ. ನನ್ನ ಕೈಕೆಳಗೆ ಒಬ್ಬನೂ ಇರಲಿಲ್ಲ. ಯಾರ ರಜೆಯನ್ನೂ ಮಂಜೂರು ಮಾಡುವ ಅಧಿಕಾರ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ವೆಂಡರ್ ಬಿಲ್ ಎಂಟ್ರಿ ಮಾಡಿ ತಾಳೆ ನೋಡುತ್ತಿದ್ದೆ. ಯಾರು ಕಾರ್ಮಿಕ ಅನ್ನುವುದು ಮಾಡುವ ಕೆಲಸದ ಮೇಲೆ ತೀರ್ಮಾನವಾಗುತ್ತದೆಯೇ ಹೊರತು ಹುದ್ದೆಯ ಹೆಸರಿನ ಮೇಲಲ್ಲ. ಸಂಬಳ ಏರಿಸದೆ ಹೆಸರು ಮಾತ್ರ ಏರಿಸಿದ್ದು ಯಾಕೆ ಅಂತ ಈಗ ಅರ್ಥವಾಗುತ್ತಿದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೂ ಮ್ಯಾನೇಜರ್, ಸೂಪರ್‌ವೈಸರ್ ಮಟ್ಟದವರನ್ನು ಹೊರಗಿಡುತ್ತದೆ, ನಿಜ. ಆದರೆ ಅಂಥವರ ಪಟ್ಟಿಯನ್ನು ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು, ವೆಬ್‌ಸೈಟ್ ಇಲ್ಲದಿದ್ದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಬೇಕು. ನಮ್ಮ ಆಫೀಸಿನಲ್ಲಿ ಅಂಥ ಪಟ್ಟಿ ನೋಡಿದವರು ಒಬ್ಬರೂ ಇಲ್ಲ. ವೆಬ್‌ಸೈಟ್ ತುಂಬಾ ನಗುವ ಮುಖಗಳ ಫೋಟೋ ಇವೆ, ಪಟ್ಟಿ ಇಲ್ಲ.

ಹೊಟ್ಟೆ ಉರಿಯುವುದು ಬರೀ ದುಡ್ಡಿಗಲ್ಲ. ಈ 40 ದಿನ ಸುಮ್ನೆ ಕೂಡಿದ್ದಲ್ಲ. ಊರಲ್ಲಿ ಅಕ್ಕನ ಮಗನ ಮದುವೆಗೆ ಹಿಂದಿನ ರಾತ್ರಿ ಬಸ್ಸು ಹತ್ತಿ, ಅಕ್ಕಿಕಾಳು ಹಾಕಿ, ಅವತ್ತೇ ವಾಪಸ್ ಬಂದಿದ್ದೇನೆ. ಮಾರ್ಚ್ ಬಂದರೆ ಆಡಿಟ್, ರಜೆ ಇಲ್ಲ. ದೀಪಾವಳಿಗೆ ಮರಾಠಿ ಸಹೋದ್ಯೋಗಿಗಳು ಊರಿಗೆ ಹೋಗುತ್ತಾರೆ, ನೀವು ನೋಡಿಕೊಳ್ಳಿ ಅಂದರು, ನೋಡಿಕೊಂಡೆ. ‘ರಜೆ ಎಲ್ಲಿ ಹೋಗುತ್ತೆ, ಬಿಡುವಾಗ ದುಡ್ಡು ಸಿಗುತ್ತಲ್ಲ’ ಅಂದಿದ್ದು ಇದೇ ಎಚ್‌ಆರ್. ದಿನಕ್ಕೆ 600 ಅಂತ ಅವತ್ತೇ ಹೇಳಿದ್ದರೆ ಒಂದು ದಿನವನ್ನೂ ಬಿಡುತ್ತಿರಲಿಲ್ಲ.

ನಿನ್ನೆ ಮತ್ತೆ ಮೇಲ್ ಹಾಕಿದ್ದೇನೆ. ಫೋನಿನಲ್ಲಿ ಮಾತಾಡುವುದಿಲ್ಲ, ಬರವಣಿಗೆಯಲ್ಲೇ ಉತ್ತರ ಕೊಡಿ ಅಂದಿದ್ದೇನೆ. ಬೇಸಿಕ್ ಅಂತ ಬರೆದಿರುವ ಪಾಲಿಸಿಯ ಪುಟ, ತಾರೀಕಿನ ಸಮೇತ ಬೇಕು. ನನ್ನ ಹೆಸರಿರುವ ಆ ಮ್ಯಾನೇಜರ್ ಪಟ್ಟಿ ಬೇಕು. ನೋಟಿಸ್ ಕಡಿತಕ್ಕೆ ಗ್ರಾಸ್ ಹಿಡಿಯಲು ಲೆಟರ್‌ನ ಯಾವ ಸಾಲು ಆಧಾರ ಅಂತ ತೋರಿಸಬೇಕು. ಪೇ ಸ್ಲಿಪ್‌ಗಳು, ರಜೆ ಬಾಕಿಯ ಸ್ಕ್ರೀನ್‌ಶಾಟ್, ರಜೆ ತಿರಸ್ಕರಿಸಿದ ಮೇಲ್‌ಗಳು ಎಲ್ಲ ನನ್ನ ಹತ್ತಿರ ಇವೆ. ‘ನೋ ಡ್ಯೂಸ್, ಎಲ್ಲ ಸಂದಾಯವಾಗಿದೆ’ ಅನ್ನುವ ಕಾಗದಕ್ಕೆ ಸಹಿ ಹಾಕಿ ಕಳಿಸಿ, ಆಮೇಲೆ ನೋಡೋಣ ಅನ್ನುತ್ತಿದ್ದಾರೆ. ಹಾಕುವುದಿಲ್ಲ. ಈ ವಾರ ಉತ್ತರ ಬರದಿದ್ದರೆ ಇದೇ ಹಾಳೆ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತೇನೆ.