ಸ್ಪಷ್ಟನೆ: ಕ್ಯಾಲ್ಸಿಯಂ ನಿಲ್ತಿಲ್ವಾ? ಮೆಗ್ನೀಷಿಯಂ ನೋಡ್ಸಿ

"ಕ್ಯಾಲ್ಸಿಯಂ ಕಮ್ಮಿ ಇದ್ರೆ ಕ್ಯಾಲ್ಸಿಯಂ ಹಾಕಿದ್ರೆ ಸಾಕು, ಮೆಗ್ನೀಷಿಯಂ ಎಲ್ಲಾ ಬಿಲ್ ಏರ್ಸೋಕೆ."

ಇದು ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ನಮ್ಮತ್ತೆ 12 ದಿನ ಸರಿಯಾಗಿ ಊಟನೇ ಮಾಡಿರ್ಲಿಲ್ಲ, ಡ್ರಿಪ್ಪಲ್ಲಿ ಫೀಡ್ ಶುರು ಮಾಡಿದ ಮೂರನೇ ದಿನ ಬೆರಳು ಸೆಟೆದುಕೊಳ್ತು, ತುಟಿ ಸುತ್ತ ಜುಮ್ ಅಂತಿದೆ ಅಂದ್ರು. ಕ್ಯಾಲ್ಸಿಯಂ 6.9, ಮೆಗ್ನೀಷಿಯಂ 0.9, ಫಾಸ್ಫೇಟ್ 1.3, ಮೂರೂ ಕೆಳಗೆ. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟಾಗ ಸ್ವಲ್ಪ ಹೊತ್ತು ಸರಿಹೋಗೋದು, ಮತ್ತೆ ಇಳಿಯೋದು. ಯಾಕಂದ್ರೆ ಮೆಗ್ನೀಷಿಯಂ ಇಷ್ಟು ಕಮ್ಮಿ ಆದ್ರೆ ಕ್ಯಾಲ್ಸಿಯಂ ಏರಿಸೋ ಪ್ಯಾರಾಥೈರಾಯ್ಡ್ ಹಾರ್ಮೋನೇ ಸರಿಯಾಗಿ ಬರಲ್ಲ, ಬಂದ್ರೂ ಕೆಲಸ ಮಾಡಲ್ಲ. ಹಸಿದ ಮೈಗೆ ಒಮ್ಮೆಲೇ ಗ್ಲೂಕೋಸ್ ಬಿದ್ರೆ ಇನ್ಸುಲಿನ್ ಏರಿ ರಕ್ತದಲ್ಲಿರೋ ಫಾಸ್ಫೇಟ್, ಮೆಗ್ನೀಷಿಯಂ ಎರಡೂ ಜೀವಕೋಶದೊಳಗೆ ಹೋಗ್ಬಿಡುತ್ತೆ, ಅದಕ್ಕೇ ಡಾಕ್ಟ್ರು ಫೀಡ್ ನಿಧಾನ ಮಾಡಿ ಮೆಗ್ನೀಷಿಯಂ ಕೊಟ್ರು, ಆಮೇಲೇ ಕ್ಯಾಲ್ಸಿಯಂ ನಿಂತಿದ್ದು. ಫಾಸ್ಫೇಟ್ ಬೇರೆ ಲೈನಲ್ಲಿ ಹಾಕಿದ್ರು, ಕ್ಯಾಲ್ಸಿಯಂ ಜೊತೆ ಸೇರಿದ್ರೆ ಸುಣ್ಣದ ಥರ ಗಟ್ಟಿಯಾಗುತ್ತೆ.